ಹುಡುಗ ಕೆಲಸ ಬಿಟ್ಟ, ಶೆಡ್ಯೂಲ್ ಪೋಸ್ಟ್ ನಿಲ್ಲಬಾರದು

"ತೀರ್ಥಹಳ್ಳಿ ಹತ್ರ ನಮ್ಮ ಹೋಂಸ್ಟೇ. ಪೇಜ್ ನೋಡ್ತಿದ್ದ ಹುಡುಗ ಕೆಲಸ ಬಿಟ್ಟ. ಅವನನ್ನು ತೆಗೆದು ಪಾಸ್‌ವರ್ಡ್ ಬದಲಿಸಿದ್ರೆ ಮುಂದಿನ ತಿಂಗಳ ಪೋಸ್ಟ್‌ಗಳು ಹೋಗ್ತವಾ?"

ಬಹುಶಃ ಪೋಸ್ಟ್ ಶೆಡ್ಯೂಲ್ ಮಾಡುವ ಟೂಲ್‌ಗೆ ಪೇಜನ್ನು ಜೋಡಿಸಿರುವುದು ಆ ಹುಡುಗನ ಫೇಸ್‌ಬುಕ್ ಲಾಗಿನ್‌ನಿಂದ. ಹಾಗಿದ್ದರೆ ಅವನನ್ನು ಪೇಜಿನಿಂದ ತೆಗೆದ ಕ್ಷಣ ಆ ಅನುಮತಿ ಸಾಯುತ್ತದೆ. ಪೋಸ್ಟ್‌ಗಳು ಕ್ಯೂನಲ್ಲಿ ಕಾಣುತ್ತಲೇ ಇರುತ್ತವೆ, ಸಮಯ ಬಂದಾಗ ಮಾತ್ರ ಫೇಲ್ ಆಗುತ್ತವೆ.

ಅದಕ್ಕೆ ತೆಗೆಯುವುದು ಕೊನೆಗೆ. ಮೊದಲು ನಿಮಗೆ ಪೇಜಿನ ಪೂರ್ತಿ ಕಂಟ್ರೋಲ್ ಇದೆಯಾ ನೋಡಿ. ಕ್ಯೂನಲ್ಲಿರುವ ಬರಹ, ಫೋಟೊ ಒಂದು ಕಡೆ ಕಾಪಿ ಮಾಡಿಡಿ. ಆಮೇಲೆ ಟೂಲ್‌ನಲ್ಲಿ ನಿಮ್ಮ ಲಾಗಿನ್‌ನಿಂದ Reconnect ಒತ್ತಿ. Disconnect ಬೇಡ, ಕೆಲವು ಟೂಲ್‌ಗಳಲ್ಲಿ ಅದು ಕ್ಯೂ ಪೂರ್ತಿ ಅಳಿಸುತ್ತದೆ. ನೀವು ಟೂಲ್ ಹೆಸರು ಹೇಳಿಲ್ಲ, ಹಾಗಾಗಿ ಬಟನ್ ಹೆಸರು ಸ್ವಲ್ಪ ಬೇರೆ ಇರಬಹುದು.

ಹತ್ತು ನಿಮಿಷದ ನಂತರಕ್ಕೆ ಒಂದು ಪೋಸ್ಟ್ ಇಟ್ಟು ನೋಡಿ. ಹೋಯಿತಾ? ಈಗ ಹುಡುಗನನ್ನು ಟೂಲ್‌ನಿಂದ, ಆಮೇಲೆ ಪೇಜಿನಿಂದ ತೆಗೆಯಿರಿ.

ಹೋಂಸ್ಟೇಯ ಇನ್‌ಸ್ಟಾಗ್ರಾಮ್ ಖಾತೆಯನ್ನೂ ಅವನೇ ನೋಡ್ತಿದ್ದರೆ, ಅದರ ಪಾಸ್‌ವರ್ಡ್ ಬದಲಿಸುವ ಮುಂಚೆ ಇನ್ನೊಂದು ಕೆಲಸ. ಇನ್‌ಸ್ಟಾಗ್ರಾಮ್‌ನ ಎರಡನೇ ಹಂತದ ಕೋಡ್ ಯಾರ ಫೋನಿಗೆ ಬರುತ್ತದೆ ನೋಡಿ, ನಿಮ್ಮ ನಂಬರ್ ಹಾಕಿ. ನಾನು ಇದನ್ನು ಮರೆತೆ. ಕೋಡ್ ಹೋಗಿದ್ದು ಬಿಟ್ಟುಹೋದವನ ಫೋನಿಗೆ, ಅವನೋ ಸಿಗ್ನಲ್ ಇಲ್ಲದ ತೋಟದಲ್ಲಿ. ಸಂಜೆವರೆಗೆ ಕಾದೆ!

ಆಮೇಲೆ ಪಾಸ್‌ವರ್ಡ್ ಬದಲಿಸಿ, ಹಳೆ ಫೋನ್‌ಗಳನ್ನೆಲ್ಲ ಲಾಗ್‌ಔಟ್ ಮಾಡಿ. ಇದರಿಂದ ಜೋಡಣೆ ಮತ್ತೆ ಕಡಿಯಬಹುದು. ಹಾಗಾಗಿ ದಿನದ ಪೋಸ್ಟ್ ಹೋದ ಮೇಲೆ ಮಾಡಿ, ಕೂಡಲೇ ಇನ್ನೊಮ್ಮೆ Reconnect ಕೊಟ್ಟು ಮರುದಿನದ ಮೊದಲ ಪೋಸ್ಟ್ ಪೇಜಿನಲ್ಲೇ ತೆರೆದು ನೋಡಿ.