‘ಕೈಗೊಳ್ಳಲಾಗುವುದು’ ಅಂದರೆ ಯಾರು, ಏನು, ಯಾವಾಗ?

ಸಂಪಾದಕರೇ, ನಮಸ್ಕಾರ. ನಾನು ಗಿಣಿಗೇರಿ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಎಚ್‌ಆರ್. ಗವಿಮಠದ ಜಾತ್ರೆಗೆ ಎರಡು ದಿನ ರಜೆ ಹಾಕಿದ ಕಿಲ್ನ್ ವಿಭಾಗದ ಒಬ್ಬರು ವಾರವಾದರೂ ಬರಲಿಲ್ಲ. ನಾನು ಕಳಿಸಿದ ಮೇಲ್ ಓದಿ ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ‘ಮೇಡಂ, ನನ್ನ ಕೆಲಸ ಹೋಯ್ತೇನ್ರಿ?’ ನಾನು ಬರೆದದ್ದು ಕೆಲಸಕ್ಕೆ ಬನ್ನಿ ಅಂತ. ಮೆತ್ತಗೆ ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತಾರೆ ನಮ್ಮ ಮ್ಯಾನೇಜರ್. ಮೇಲ್‌ನ ಪ್ರತಿ ಜೊತೆಗಿಟ್ಟಿದ್ದೇನೆ. ಹೇಗೆ ತಿದ್ದಲಿ?
— ಒಬ್ಬ ಓದುಗರು, ಕೊಪ್ಪಳ

ನಿಮ್ಮ ಮೇಲ್‌ನ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಆ ಫೋನ್ ಬಂದದ್ದು ಆ ಸಾಲಿನಿಂದ.

‘ತಪ್ಪಿದಲ್ಲಿ ತಾವೇ ಸ್ವ-ಇಚ್ಛೆಯಿಂದ ಕೆಲಸ ತ್ಯಜಿಸಿರುವಿರೆಂದು ಪರಿಗಣಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.’

ಇದರಲ್ಲಿ ಪರಿಗಣಿಸುವವರು ಯಾರು? ಕ್ರಮ ಅಂದರೆ ಏನು? ಯಾವತ್ತು? ಒಂದಕ್ಕೂ ಉತ್ತರ ಇಲ್ಲ. ‘-ಲಾಗುವುದು’ ಅನ್ನುವ ಕ್ರಿಯಾಪದ ಮಾಡುವವರನ್ನು ಮರೆಮಾಡುತ್ತದೆ. ಓದುವವರಿಗೆ ಮುಖ ಕಾಣದಿದ್ದಾಗ ಅವರು ಅತಿ ಕೆಟ್ಟದ್ದನ್ನೇ ಊಹಿಸುತ್ತಾರೆ. ಕೆಲಸ ಹೋಯ್ತಾ ಅಂತ ಅವರು ಕೇಳಿದ್ದು ಸರಿಯಾಗೇ ಇದೆ, ಮೇಲ್ ಹೇಳಿದ್ದೇ ಹಾಗೆ.

ನಿಮ್ಮ ಮ್ಯಾನೇಜರ್ ಹೇಳುವ ಕೋರ್ಟಿನ ಮಾತಿಗೆ ಬರೋಣ. ರಜೆ ಮುಗಿದ ಮೇಲೆ ಎಂಟು ದಿನದಲ್ಲಿ ಬರದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಎನ್ನುವ ನಿಯಮ ಅನೇಕ ಕಾರ್ಖಾನೆಗಳ ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ, ಅಂದರೆ ಕೆಲಸದ ನಿಯಮಾವಳಿಯಲ್ಲಿ, ಇದೆ. ನಿಮ್ಮ ಸಾಲು ಅಲ್ಲಿಂದಲೇ ಬಂದಿರಬೇಕು. ಆದರೆ 1993ರಲ್ಲಿ ಡಿ.ಕೆ. ಯಾದವ್ ವಿರುದ್ಧ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ನಿಯಮವನ್ನು ನೋಡಿತು. ವಿಚಾರಣೆ ಮಾಡದೆ, ಕಾರ್ಮಿಕರ ಮಾತು ಕೇಳದೆ ತಾನಾಗಿಯೇ ಕೆಲಸ ಹೋಯಿತು ಅನ್ನುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದಿತು. ಆ ಕಾರ್ಮಿಕರನ್ನು ಅರ್ಧ ಹಿಂಬಾಕಿ ಸಂಬಳ ಕೊಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು. ಅಂದರೆ ನಿಮ್ಮ ಮೇಲ್‌ನಲ್ಲಿ ಅತಿ ಗಡುಸಾಗಿ ಕೇಳುವ ಸಾಲೇ ಅತಿ ದುರ್ಬಲವಾದದ್ದು.

‘ಉದ್ದೇಶಪೂರ್ವಕವಾಗಿ ಗೈರುಹಾಜರಾಗಿರುವುದು’ ಅನ್ನುವುದಕ್ಕೂ ಇದೇ ಮಾತು. ಉದ್ದೇಶ ಏನಿತ್ತು ಅಂತ ನಿಮಗೆ ಇನ್ನೂ ಗೊತ್ತಿಲ್ಲ, ಕೇಳಿಯೇ ಇಲ್ಲ. ಕಾರಣ ಕೇಳುವ ಪತ್ರದಲ್ಲೇ ತೀರ್ಪು ಬರೆದರೆ, ಮೊದಲೇ ತೀರ್ಮಾನ ಮಾಡಿ ಆಮೇಲೆ ವಿಚಾರಣೆ ನಡೆಸಿದರು ಎಂದು ಎದುರು ವಕೀಲರು ಸುಲಭವಾಗಿ ಹೇಳುತ್ತಾರೆ. ಆ ಒಂದು ಪದ ತೆಗೆದರೆ ಪತ್ರ ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ.

ಇನ್ನು ಚುಚ್ಚುವ ಸಾಲುಗಳು. ‘ಜಾತ್ರೆಗೆಂದು ತೆರಳಿದ ತಾವು’ ಅಂದಿದ್ದೀರಿ. ರಜೆ ಯಾಕೆ ಹಾಕಿದ್ದರು ಅನ್ನುವುದು ಇಲ್ಲಿ ಬೇಕಾಗಿಲ್ಲ, ಎಷ್ಟು ದಿನಕ್ಕೆ ಅನ್ನುವುದಷ್ಟೇ ಬೇಕು. ಜಾತ್ರೆ ಅಂತ ಬರೆದ ಕೂಡಲೇ ‘ಅಡ್ಡಾಡಿಕೊಂಡು ಕೂತಿದ್ದೀರಿ’ ಅನ್ನುವ ಮಾತು ಒಳಗೆ ಕೇಳಿಸುತ್ತದೆ. ‘ನಿಯಮಗಳ ಅರಿವು ತಮಗೆ ಇದೆ ಎಂದು ಭಾವಿಸಲಾಗಿದೆ’ ಅನ್ನುವುದು ಇನ್ನೂ ಕೆಟ್ಟದ್ದು. ನಮ್ಮ ಕಡೆ ಎದುರಿಗೆ ನಿಂತು ಯಾರಿಗೂ ಹೀಗೆ ಮಾತಾಡುವುದಿಲ್ಲ, ಅಲ್ವಾ? ಬೈಯಬೇಕಿದ್ದರೆ ನೇರ ಬೈಯುತ್ತೇವೆ. ಇದು ಬೈಗುಳವೂ ಅಲ್ಲ, ಸುದ್ದಿಯೂ ಅಲ್ಲ. ಸುಮ್ನೆ ಹೊಡೆದು ಹಾಕಿ.

‘ಸದರಿ’, ‘ಮುಗಿದಾಗ್ಯೂ’, ‘ಗಮನಕ್ಕೆ ಬಂದಿರುತ್ತದೆ’, ‘ಹಾಜರಾಗತಕ್ಕದ್ದು’ ಇವೆಲ್ಲ ಕಚೇರಿಯ ಹಳೆಯ ಕಡತಗಳಿಂದ ಬಂದ ಪದಗಳು. ಕಾನೂನಿಗೆ ಇವು ಬೇಕಿಲ್ಲ. ‘ತಾವು’ ಕೂಡ ಇಂಥ ಪತ್ರದಲ್ಲಿ ಗೌರವಕ್ಕಿಂತ ಜಾಸ್ತಿ ದೂರವನ್ನು ತೋರಿಸುತ್ತದೆ. ‘ನೀವು’ ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಬಹಳ ವರ್ಷದ ಹಿಂದೆ ಅವ್ವ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಾಗ ನಾನು ಆಗ ಕೆಲಸ ಮಾಡುತ್ತಿದ್ದ ಕಡೆಯಿಂದ ಇಂಥದ್ದೇ ಪತ್ರ ಬಂತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾಲ್ಕು ಸಲ ಓದಿದೆ. ಅರ್ಥವಾಗದೆ ವಕೀಲ ಗೆಳೆಯನಿಗೆ ಓದಿ ಹೇಳಿದೆ. ಅವನು ಅಂದ, ‘ಸೋಮವಾರ ಬಾ ಅಂತ ಬರೆದಾರ, ಅಷ್ಟೇ.’ ಅಷ್ಟನ್ನೇ ಬರೆದಿದ್ದರೆ ಆ ರಾತ್ರಿ ನಾನು ನಿದ್ದೆ ಮಾಡುತ್ತಿದ್ದೆ.

ನಿಮ್ಮ ಮೇಲ್‌ನ ತಾರೀಖುಗಳನ್ನೇ ಇಟ್ಟುಕೊಂಡು ನಾನು ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ. ನಿಮಗೆ ಜನವರಿ 15 ಮತ್ತು 16ಕ್ಕೆ ರಜೆ ಕೊಟ್ಟಿದ್ದೆವು. 17ರಿಂದ 23ರವರೆಗೆ, ವಾರದ ರಜೆ ಬಿಟ್ಟು, ಆರು ಶಿಫ್ಟಿಗೆ ನೀವು ಬಂದಿಲ್ಲ. ರಜೆ ಮುಂದುವರಿಸಿ ಎಂದು ನೀವು ಕೇಳಿದ್ದು ನಮ್ಮ ದಾಖಲೆಯಲ್ಲಿ ಇಲ್ಲ. 20 ಮತ್ತು 22ರಂದು ಫೋನ್ ಮಾಡಿದೆ, ನೀವು ಸಿಗಲಿಲ್ಲ. ಏನಾಗಿದೆ ಎಂದು ನಮಗೆ ಗೊತ್ತಿಲ್ಲ.

ಜನವರಿ 28ರ ಸಂಜೆ 5 ಗಂಟೆಯೊಳಗೆ ಕೆಲಸಕ್ಕೆ ಬನ್ನಿ. ಬರಲು ಆಗದಿದ್ದರೆ ಕಾರಣ ಬರೆದು ಕಳಿಸಿ. ವಾಟ್ಸಾಪ್‌ನಲ್ಲಿ ಬರೆದರೂ ಆಗುತ್ತದೆ. ಹುಷಾರಿಲ್ಲದಿದ್ದರೆ ಡಾಕ್ಟರ್ ಚೀಟಿಯ ಫೋಟೊ ಕಳಿಸಿ.

ಎರಡೂ ಆಗದಿದ್ದರೆ 29ರಂದು ನಾನು ನಿಮಗೆ ಚಾರ್ಜ್‌ಶೀಟ್ ಕಳಿಸುತ್ತೇನೆ, ಆಮೇಲೆ ವಿಚಾರಣೆ ನಡೆಯುತ್ತದೆ. ಅಲ್ಲಿ ನಿಮ್ಮ ಮಾತು ಹೇಳಲು ಅವಕಾಶ ಇದೆ. ಈ ಆರು ದಿನಗಳು ರಜೆ ಎಂದು ಮಂಜೂರಾಗದಿದ್ದರೆ ಅವುಗಳ ಸಂಬಳ ಬರುವುದಿಲ್ಲ. ಇವತ್ತಿನವರೆಗೆ ನಿಮ್ಮ ಕೆಲಸ ಹೋಗಿಲ್ಲ.’

ಇದರ ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್ ಇರಲಿ. ‘ಆಡಳಿತ ಮಂಡಳಿ’ ಬೇಡ.

ಗಮನಿಸಿ, ಇದರಲ್ಲಿ ರಿಯಾಯಿತಿ ಏನೂ ಇಲ್ಲ. ನಿಮ್ಮ ಮೊದಲ ಮೇಲ್‌ನಲ್ಲಿ ‘ಕೂಡಲೇ’ ಇತ್ತು, ಇಲ್ಲಿ ತಾರೀಖು, ಗಂಟೆ ಇದೆ. ಅಲ್ಲಿ ‘ಕ್ರಮ’ ಇತ್ತು, ಇಲ್ಲಿ ಯಾವ ಕ್ರಮ ಎಂದು ಇದೆ. ನಾಳೆ ವಿಚಾರಣಾಧಿಕಾರಿ ಕೇಳುವುದು ಇದನ್ನೇ: ಎಷ್ಟು ದಿನ ಬಂದಿಲ್ಲ, ನೀವು ಏನು ಪ್ರಯತ್ನ ಮಾಡಿದಿರಿ, ಎಷ್ಟು ಸಮಯ ಕೊಟ್ಟಿರಿ. ಹಾಗಾಗಿ ಫೋನ್ ಮಾಡದೆ ಫೋನ್ ಮಾಡಿದೆ ಅಂತ ಬರೆಯಬೇಡಿ. 29ಕ್ಕೆ ಚಾರ್ಜ್‌ಶೀಟ್ ಅಂತ ಬರೆದ ಮೇಲೆ 29ಕ್ಕೇ ಕಳಿಸಿ. ಅದನ್ನು ಮಾರ್ಚ್‌ವರೆಗೆ ಎಳೆದರೆ ಮುಂದಿನ ಪತ್ರವನ್ನು ಯಾರೂ ನಂಬುವುದಿಲ್ಲ.

ಮೆತ್ತಗೆ ಮಾಡಲು ಹೋಗಿ ಆಗುವ ತಪ್ಪೂ ಒಂದಿದೆ. ‘ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ’ ಅಂತ ಸೇರಿಸಬೇಡಿ. ಕಷ್ಟ ಏನು ಅಂತಲೇ ನಿಮಗೆ ಗೊತ್ತಿಲ್ಲ, ಅದು ಸುಳ್ಳಾಗುತ್ತದೆ. ‘ಏನಾಗಿದೆ ಎಂದು ನಮಗೆ ಗೊತ್ತಿಲ್ಲ’ ಅನ್ನುವುದು ನಿಜ, ಅದರಲ್ಲೇ ಕೇಳುವ ಮನಸ್ಸು ಕಾಣುತ್ತದೆ. ‘ಸಾಧ್ಯವಾದರೆ ಬನ್ನಿ’ ಅನ್ನುವುದೂ ಬೇಡ. ಸಾಧ್ಯವಾಗಲಿಲ್ಲ ಅಂತ ಅವರು ಹೇಳಿದರೆ ನಿಮ್ಮ ಹತ್ತಿರ ಮಾತೇ ಉಳಿಯುವುದಿಲ್ಲ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೆ ಪ್ರತಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಪ್ಲಾಂಟ್ ಹೆಡ್‌ಗೆ, ಶಿಫ್ಟ್ ಇನ್‌ಚಾರ್ಜ್‌ಗೆ, ಟೈಮ್ ಆಫೀಸಿಗೆ, ಒಟ್ಟು ಐದು ಜನಕ್ಕೆ ಸಿಸಿ ಹಾಕಿದ್ದೀರಿ. ಮೇಲ್‌ನಲ್ಲಿ ಒಂದು ಒರಟು ಪದ ಇಲ್ಲದಿದ್ದರೂ ಐದು ಜನರ ಮುಂದೆ ನಿಲ್ಲಿಸಿ ಕೇಳಿದಂತೆ ಆಗುತ್ತದೆ. ಶಿಫ್ಟ್ ಇನ್‌ಚಾರ್ಜ್‌ಗೆ ಮಾತ್ರ ಇರಲಿ, ಬದಲಿ ಆಳು ನೋಡಬೇಕಾದವರು ಅವರೇ. ವಿಷಯದ ಸಾಲಿನಲ್ಲಿ ‘ಅಂತಿಮ ಎಚ್ಚರಿಕೆ’ ಅಂತಿದೆ. ಇದು ಮೊದಲ ಪತ್ರ ತಾನೇ? ‘ಜನವರಿ 17ರಿಂದ ಗೈರು: 28ರೊಳಗೆ ಉತ್ತರ ಬೇಕು’ ಅಂತ ಬರೆಯಿರಿ.

ಕಿಲ್ನ್ ಹತ್ತಿರ ಕೆಲಸ ಮಾಡುವವರು ದಿನಾ ಮೇಲ್ ನೋಡುವುದಿಲ್ಲ. ಇದೇ ಪತ್ರವನ್ನು ಅವರ ಊರಿನ ವಿಳಾಸಕ್ಕೆ ಅಂಚೆಯಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಂಚೆ ತಲುಪಲು ದಿನ ಹಿಡಿಯುತ್ತದೆ ಅನ್ನಿಸಿದರೆ 28, 29 ಎರಡನ್ನೂ ಎರಡು ದಿನ ಮುಂದಕ್ಕೆ ಹಾಕಿ, ಮೇಲ್‌ನಲ್ಲೂ ಅಂಚೆಯ ಪ್ರತಿಯಲ್ಲೂ ಅವೇ ತಾರೀಖು ಇರಲಿ. ಮನೆಯಲ್ಲಿ ಆ ಲಕೋಟೆ ಒಡೆಯುವವರು ಅವರ ಅವ್ವನೋ, ಹೈಸ್ಕೂಲಿಗೆ ಹೋಗುವ ಮಗಳೋ ಆಗಿರಬಹುದು. ಅವರು ಜೋರಾಗಿ ಓದಿದಾಗ ಅರ್ಥವಾಗಬೇಕು.