ಅಡ್ವಾನ್ಸ್ ಯಾವ ಬಿಲ್‌ನಲ್ಲಿ ಕಳೆಯಿತು ಅಂತ ಬರೆದಿದ್ದೀರಾ?

ಪ್ರಶ್ನೆ: ಹಾಲು-ಪೇಪರ್ ಹಾಕುವವರು ಪ್ರತಿ ತಿಂಗಳೂ ಜಾಸ್ತಿ ಬರೆಯುತ್ತಾರೆ. ಲೆಕ್ಕಕ್ಕೆ ಒಳ್ಳೇ ಆ್ಯಪ್ ಇದ್ದರೆ ಹೇಳಿ.

ಆ್ಯಪ್ ಬಿಡಿ. ಅವರು ಜಾಸ್ತಿ ಬರೆಯುತ್ತಾರೆ ಅನ್ನುವುದೇ ನನಗೆ ಅನುಮಾನ. ನಾನೂ ಹಾಗೇ ಅಂದುಕೊಂಡಿದ್ದೆ.

2024ರ ಜೂನ್. ನಾವಿರುವುದು ಬಳ್ಳಾರಿ ಗಾಂಧಿನಗರದಲ್ಲಿ. ದಿನಕ್ಕೆ ನಂದಿನಿ ನೀಲಿ ಅರ್ಧ ಲೀಟರಿನ ಎರಡು ಪ್ಯಾಕೆಟ್. 24ರಿಂದ 27ರವರೆಗೆ ಕೊಪ್ಪಳದ ತವರಿಗೆ ಹೋಗಿದ್ದೆವು, ಹಾಲು ಬೇಡ ಅಂದಿದ್ದೆ. ನಡುವೆ 26ಕ್ಕೆ ಬೆಲೆ ಏರಿತು. ಪ್ಯಾಕೆಟ್‌ನಲ್ಲಿ 50 ಎಂಎಲ್ ಹೆಚ್ಚಾಗಿ, 22 ಇದ್ದದ್ದು 24 ಆಯಿತು.

ಹಾಲಿನವನ ಬಿಲ್ 1,164. ಪೂರ್ತಿ ತಿಂಗಳಿಗೆ 1,340 ಹಾಕಿ, ಬಿಟ್ಟ ನಾಲ್ಕು ದಿನದ 8 ಪ್ಯಾಕೆಟ್‌ಗೂ ಹಳೇ ದರ 22ರಂತೆ 176 ಕಳೆದಿದ್ದ. ಆದರೆ ಕೊನೆಯ ಎರಡು ದಿನ ಹೊಸ ದರದವು. ಬಿಟ್ಟ ದಿನ ಕಳೆಯುವ ಬದಲು ಬಂದದ್ದನ್ನೇ ಎಣಿಸಿ: 23ರವರೆಗೆ 46 ಪ್ಯಾಕೆಟ್, 22ರಂತೆ 1,012. 28ರಿಂದ 30ರವರೆಗೆ 6 ಪ್ಯಾಕೆಟ್, 24ರಂತೆ 144. ಒಟ್ಟು 1,156. ಅವನ ತಪ್ಪು ಬರೀ 8 ರೂಪಾಯಿ.

ನನ್ನ ತಪ್ಪು 500 ರೂಪಾಯಿಯದು! ಮೇ ಒಂದನೇ ತಾರೀಕು ಕೈಯಲ್ಲೇ 500 ಅಡ್ವಾನ್ಸ್ ಕೊಟ್ಟಿದ್ದೆ, ಎಲ್ಲೂ ಬರೆದಿರಲಿಲ್ಲ. 1,156ರಲ್ಲಿ ಅದನ್ನು ಕಳೆದು 656 ಕೊಡಲು ಹೋದೆ. "ಅಕ್ಕಾ, ಅದು ಮೇ ತಿಂಗಳಾಗೇ ಹೋಯ್ತಲ್ರೀ" ಅಂದ. ಎಂಟು ರೂಪಾಯಿ ತಪ್ಪು ಹಿಡಿದ ಜಂಬ ನನಗೆ. ಬೀದಿಗೆಲ್ಲ ಕೇಳುವಂತೆ ಜಗಳವಾಡಿದೆ. ಮರುದಿನದಿಂದ ಹಾಲೂ ಇಲ್ಲ, ಪೇಪರೂ ಇಲ್ಲ.

ಆಮೇಲೆ ಫೋನ್‌ಪೇ ತೆಗೆದು ನೋಡಿದರೆ ಮೇ ಬಿಲ್‌ಗೆ ಕಳಿಸಿದ್ದು 864. ಮೇನಲ್ಲಿ 62 ಪ್ಯಾಕೆಟ್, 1,364 ಆಗಬೇಕಿತ್ತು. ಅಂದರೆ 500 ಆಗಲೇ ಕಳೆದಿತ್ತು! ಬಾಕಿ ಕಳಿಸಿದೆ, ಕ್ಷಮೆ ಕೇಳಿದೆ. ಅವನು ವಾಪಸ್ ಬರಲಿಲ್ಲ. ಈಗಿನವನು ಪ್ಯಾಕೆಟ್‌ಗೆ ಒಂದು ರೂಪಾಯಿ ಮೇಲೆ ತೆಗೆದುಕೊಳ್ಳುತ್ತಾನೆ, ತಿಂಗಳಿಗೆ 60.

ಹಾಗಾಗಿ ನಿಮಗೆ ಬೇಕಾದ್ದು ಅಡುಗೆಮನೆ ಕ್ಯಾಲೆಂಡರ್, ಪೆನ್ನು. ಹಾಲು ಬಂದ ದಿನ ಪ್ಯಾಕೆಟ್ ಸಂಖ್ಯೆ ಬರೆಯಿರಿ. ಬೆಲೆ ಬದಲಾದ ತಾರೀಕಿಗೆ ಗೆರೆ ಎಳೆಯಿರಿ. ಅಡ್ವಾನ್ಸ್ ಕೊಟ್ಟ ದಿನ ಒಂದು ಸಾಲು, ಅದು ಕಳೆದ ಬಿಲ್‌ನಲ್ಲಿ ಇನ್ನೊಂದು ಸಾಲು. ಈ ಎರಡನೇ ಸಾಲನ್ನು ಯಾರೂ ಬರೆಯುವುದಿಲ್ಲ, ಜಗಳವೆಲ್ಲ ಅಲ್ಲೇ. ಅವನ ಚೀಟಿಯಲ್ಲೂ ಅವನ ಕೈಯಿಂದಲೇ ಬರೆಸಿ. ಆ ಅಡ್ವಾನ್ಸ್ ತಿಂಗಳ ಬಿಲ್‌ಗೆ ಕಳೆಯುವುದೋ, ಹಾಲು ನಿಲ್ಲಿಸುವವರೆಗೆ ಅವನ ಬಳಿಯೇ ಇರುವ ಡಿಪಾಜಿಟ್ಟೋ, ಕೊಡುವಾಗಲೇ ಕೇಳಿ.

ಹಾಲು ಬೇಡವಾದರೆ ಹಿಂದಿನ ದಿನ ಬೆಳಿಗ್ಗೆಯೇ ಹೇಳಿ. ಸಂಜೆ ಹೇಳಿದರೆ ಅವನು ಆರ್ಡರ್ ಕೊಟ್ಟಾಗಿರುತ್ತದೆ, ಆ ಪ್ಯಾಕೆಟ್ ಅವನ ತಲೆಗೆ.

ಪೇಪರ್ ಲೆಕ್ಕ ಬೇರೆ ಇಡಿ. ಭಾನುವಾರದ ಬೆಲೆ ಬೇರೆ ಇದ್ದರೆ ಭಾನುವಾರಗಳನ್ನು ಬೇರೆ ಎಣಿಸಿ. ಹಬ್ಬಕ್ಕೆ ಪ್ರೆಸ್‌ಗೆ ರಜೆ ಇದ್ದರೆ ಮರುದಿನ ಪೇಪರ್ ಬರುವುದಿಲ್ಲ, ಹುಡುಗನನ್ನು ಬೈಯಬೇಡಿ.