ಮಳೆಗಾಲಕ್ಕೆ ಟಯರ್: ಗಾಳಿ ಎಷ್ಟಿರಬೇಕು, ಗೆರೆ ಎಷ್ಟು ಉಳಿದಿರಬೇಕು?

ಪ್ರಶ್ನೆ: ದಿನಾ ಉಡುಪಿಯಿಂದ ಮಂಗಳೂರಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ಟಯರ್ ನೋಡಲು ಚೆನ್ನಾಗಿಯೇ ಇದೆ. ಮೇ ತಿಂಗಳ ಸರ್ವಿಸ್‌ನಲ್ಲಿ ಗಾಳಿಯೂ ಹೊಡೆಸಿದ್ದೇನೆ. ಮಳೆಯಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದರೆ ಗ್ರಿಪ್ ಜಾಸ್ತಿ ಎಂದು ಗೆಳೆಯರು ಹೇಳುತ್ತಾರೆ, ಹೌದಾ? ಟಯರ್ ನಾನೇ ಚೆಕ್ ಮಾಡುವುದು ಹೇಗೆ? ಮನೆಯಲ್ಲಿ ಸ್ಕೂಟರ್ ಕೂಡ ಇದೆ.

ಉತ್ತರ:

ಮೊದಲು ಗೆಳೆಯರ ಮಾತಿಗೆ ಬರುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಲ್ಪೆಯ ಮರಳಿನಲ್ಲಿ ಗಾಡಿ ಹೂತರೆ ಗಾಳಿ ಇಳಿಸುವುದು ಸರಿ. ಟಯರ್ ಅಗಲವಾಗಿ ಕೂರುತ್ತದೆ, ಮರಳಲ್ಲಿ ಮುಳುಗುವುದಿಲ್ಲ. ಆದರೆ ನೀರು ನಿಂತ ಡಾಂಬರಿನ ಮೇಲೆ ಅದೇ ಕೆಲಸ ಉಲ್ಟಾ ಹೊಡೆಯುತ್ತದೆ. ನಾನು ಉಡುಪಿ ಹತ್ತಿರ ಟಯರ್ ಮತ್ತು ಅಲೈನ್‌ಮೆಂಟ್ ಅಂಗಡಿ ನಡೆಸುತ್ತೇನೆ. ಪ್ರತಿ ಮಳೆಗಾಲದಲ್ಲೂ ಈ ಮಾತು ಕೇಳುತ್ತೇನೆ. ಹಾಗಾಗಿ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಳೆಯಲ್ಲಿ ಟಯರಿನ ಮೊದಲ ಕೆಲಸ ನೀರನ್ನು ದಾರಿಯಿಂದ ಸರಿಸುವುದು. ನೀರು ಸರಿದ ಮೇಲೆ ತಾನೇ ರಬ್ಬರು ರಸ್ತೆಗೆ ತಾಗುವುದು? ಟಯರಿನ ಮೈಮೇಲಿನ ಗೆರೆಗಳು ಅಡಿಕೆ ತೋಟದ ಕಣಿ ಇದ್ದ ಹಾಗೆ. ಕಣಿ ಆಳ ಇದ್ದರೆ ನೀರು ಹರಿದು ಹೋಗುತ್ತದೆ, ಹೂಳು ತುಂಬಿದರೆ ಮೇಲೆಯೇ ನಿಲ್ಲುತ್ತದೆ. ಆದರೆ ಆ ಗೆರೆಗಳ ಕಡೆಗೆ ನೀರನ್ನು ಒತ್ತಿ ತಳ್ಳುವುದು ಒಳಗಿನ ಗಾಳಿ. ಗಾಳಿ ಕಡಿಮೆಯಾದರೆ ಟಯರಿನ ನಡುಭಾಗ ಸ್ವಲ್ಪ ಮೇಲೆ ಬಾಗುತ್ತದೆ, ಭಾರವೆಲ್ಲ ಎರಡು ಅಂಚಿನ ಮೇಲೆ ಬೀಳುತ್ತದೆ. ನಡುವೆ ನೀರು ಸಿಕ್ಕಿಕೊಳ್ಳುತ್ತದೆ. ವೇಗ ಹೆಚ್ಚಿದರೆ ಆ ನೀರೇ ಟಯರನ್ನು ಎತ್ತಿಬಿಡುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ, ಬ್ರೇಕ್ ಒತ್ತಿದರೂ ಗಾಡಿ ಕೇಳುವುದಿಲ್ಲ. ಇದಕ್ಕೆ ಅಕ್ವಾಪ್ಲೇನಿಂಗ್ ಎನ್ನುತ್ತಾರೆ.

ಇದಕ್ಕೆ ಒಂದು ಹಳೆಯ ಲೆಕ್ಕ ಇದೆ. ವಿಮಾನಗಳು ಒದ್ದೆ ರನ್‌ವೇಯಲ್ಲಿ ಜಾರುವುದನ್ನು ಪರೀಕ್ಷಿಸಿ ನಾಸಾದವರು 1963ರಲ್ಲಿ ಪ್ರಕಟಿಸಿದ್ದು. ಗಾಳಿಯ ಒತ್ತಡವನ್ನು ಪಿಎಸ್‌ಐಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 16.6ರಿಂದ ಗುಣಿಸಿದರೆ ಟಯರ್ ನೀರಿನ ಮೇಲೆ ತೇಲಲು ಶುರುವಾಗುವ ವೇಗ ಸಿಗುತ್ತದೆ, ಗಂಟೆಗೆ ಇಷ್ಟು ಕಿಲೋಮೀಟರ್ ಎಂದು. ಗೆರೆ ಸವೆದ ಟಯರಿಗೆ, ಅಥವಾ ಗೆರೆಯ ಆಳಕ್ಕಿಂತ ಜಾಸ್ತಿ ನೀರು ನಿಂತಾಗ ಈ ಲೆಕ್ಕ. ಕಾರಿನ ಟಯರಿಗೆ ಇದು ಅಂದಾಜು ಮಾತ್ರ. ಟಯರ್ ಅಗಲ ಇದ್ದರೆ ಇನ್ನೂ ಬೇಗ ತೇಲಬಹುದು. ಆದರೆ ದಿಕ್ಕು ಸ್ಪಷ್ಟ: ಗಾಳಿ ಇಳಿದಷ್ಟು ಆ ವೇಗವೂ ಇಳಿಯುತ್ತದೆ.

ಈಗ ನಿಮ್ಮ ಕಾರಿಗೇ ಬರೋಣ. ಕಂಪನಿ ಹೇಳಿದ್ದು 33 ಪಿಎಸ್‌ಐ ಎಂದಿಟ್ಟುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ, 36 ಡಿಗ್ರಿ ಬಿಸಿಲು. ನೀವು ಗಾಡಿ ಓಡಿಸಿಕೊಂಡೇ ಹೋಗಿದ್ದೀರಿ, ಟಯರ್ ಬಿಸಿಯಾಗಿದೆ. ಓಡಿದ ಬಿಸಿಗೇ ಒತ್ತಡ 3-4 ಪಿಎಸ್‌ಐ ಏರಿರುತ್ತದೆ. ಅಲ್ಲಿ ಸರಿಯಾಗಿ 33 ಇಟ್ಟುಕೊಟ್ಟರೆ, ಟಯರ್ ತಣ್ಣಗಾದಾಗ ನಿಜವಾಗಿ ಇರುವುದು 29-30. ಜುಲೈ ಬೆಳಿಗ್ಗೆ 24 ಡಿಗ್ರಿ ಇರುತ್ತದೆ. ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ಅಲ್ಲಿಗೆ ಇನ್ನೂ ಎರಡು ಹೋಯಿತು. ಯಾವ ತೂತೂ ಇಲ್ಲದ ಟಯರಿನಲ್ಲೂ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಸೋರುತ್ತದೆ. ಎರಡು ತಿಂಗಳಿಗೆ ಅದೂ ಎರಡು. ಈಗ ಉಳಿದದ್ದು 25ರ ಆಸುಪಾಸು. ಯಾರೂ ತಪ್ಪು ಮಾಡಿಲ್ಲ, ಪಂಕ್ಚರೂ ಆಗಿಲ್ಲ, ಆದರೂ ಎಂಟು ಪಿಎಸ್‌ಐ ಕಡಿಮೆ. ಟ್ಯೂಬ್‌ಲೆಸ್ ಟಯರ್ ಇಷ್ಟು ಇಳಿದರೂ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. 33ಕ್ಕೆ ಸುಮಾರು 95 ಕಿ.ಮೀ. ವೇಗ ಬರುತ್ತದೆ. 25ಕ್ಕೆ 83. ಕಾಪು, ಪಡುಬಿದ್ರಿ ಕಡೆ ಹೆದ್ದಾರಿಯಲ್ಲಿ ನಮ್ಮ ಜನ 80-85ರಲ್ಲಿ ಆರಾಮವಾಗಿ ಹೋಗುತ್ತಾರೆ, ಅಲ್ವಾ? ಒಂದು ಕಡೆ ನೀರು ನಿಂತಿದ್ದರೆ ಸಾಕು.

ಹಾಗಾದರೆ ಗಾಳಿ ನೋಡುವುದು ಯಾವಾಗ? ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಕನಿಷ್ಠ ಮೂರು ಗಂಟೆ ನಿಂತ ಟಯರ್ ಆಗಿರಬೇಕು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿದ ಸ್ಟಿಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ.

ಒಂದು ಸ್ವಂತ ಗೇಜ್ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಬಂಕಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಂಕ್ ನಾಲ್ಕೈದು ಕಿಲೋಮೀಟರ್ ದೂರ ಇದ್ದರೆ ಅಷ್ಟರಲ್ಲಿ ಟಯರ್ ಬಿಸಿಯಾಗುತ್ತದೆ, ಆಗ ಏನು ಮಾಡುವುದು? ಸುಲಭ ಇದೆ. ಮನೆಯಲ್ಲಿ ತಣ್ಣಗಿರುವಾಗ 28 ತೋರಿಸಿತು, ಬೇಕಾದ್ದು 33. ಅಂದರೆ ಐದು ಕಮ್ಮಿ. ಈ ಐದನ್ನು ನೆನಪಿಡಿ. ಬಂಕಿಗೆ ಹೋದಾಗ ಮೀಟರ್ 30 ತೋರಿಸಿದರೆ ಅದಕ್ಕೆ ಐದು ಸೇರಿಸಿ 35 ಹಾಕಿಸಿ. ಮಾರನೇ ದಿನ ಬೆಳಿಗ್ಗೆ ನಿಮ್ಮ ಗೇಜ್‌ನಲ್ಲಿ ನೋಡಿದರೆ 33ರ ಹತ್ತಿರ ಇರುತ್ತದೆ. ಬಿಸಿ ಟಯರಿನಲ್ಲಿ ಜಾಸ್ತಿ ತೋರಿಸಿತು ಎಂದು ಗಾಳಿ ಬಿಡಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿದರೆ ಸಾಕು. ಸ್ಟೆಪ್ನಿಯನ್ನೂ ಮರೆಯಬೇಡಿ.

ನಾಲ್ಕರಲ್ಲಿ ಒಂದೇ ಟಯರ್ ಪ್ರತಿ ಸಲ ಜಾಸ್ತಿ ಇಳಿದಿದ್ದರೆ ಅದು ಹವಾಮಾನ ಅಲ್ಲ, ಸೋರಿಕೆ. ಮೊಳೆ ಸಿಗದಿದ್ದರೆ ವಾಲ್ವ್ ನೋಡಿ, ಆಮೇಲೆ ರಿಮ್ಮಿನ ಅಂಚು ನೋಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದು ಟಯರ್ ಸರಿಯಾಗಿ ಕೂರುವುದಿಲ್ಲ. ಸೋಪಿನ ನೀರು ಹಚ್ಚಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಟಯರ್ ಬಿಚ್ಚಿ ತುಕ್ಕು ಉಜ್ಜಿ ಕೂರಿಸಿದರೆ ಸರಿಹೋಗುತ್ತದೆ. ಸುಮ್ನೆ ಗಾಳಿ ತುಂಬಿಸುತ್ತಾ ಹೋಗುವುದರಲ್ಲಿ ಅರ್ಥ ಇಲ್ಲ.

ಇನ್ನು ಗೆರೆಯ ಆಳ. ಗೆರೆಯೊಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಟಯರಿನ ಅಂಚಿನಲ್ಲಿ TWI ಎಂಬ ಅಕ್ಷರ ಅಥವಾ ಪುಟ್ಟ ತ್ರಿಕೋನ ಎಲ್ಲಿದೆ ಎಂದು ಹುಡುಕಿ, ಅದರ ನೇರಕ್ಕೆ ಆ ದಿಬ್ಬ ಸಿಗುತ್ತದೆ. ಕಾರಿನಲ್ಲಿ ಅದರ ಎತ್ತರ 1.6 ಮಿ.ಮೀ. ಟಯರ್ ಸವೆದು ಅದಕ್ಕೆ ಸಮ ಆದರೆ ಟಯರ್ ಮುಗಿಯಿತು. ಆದರೆ ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ನನಗೆ ಒಪ್ಪಿಗೆ ಇಲ್ಲ. ಹೊಸ ಕಾರು ಟಯರಿನಲ್ಲಿ ಆಳ 8 ಮಿ.ಮೀ. ಹತ್ತಿರ ಇರುತ್ತದೆ. 3ಕ್ಕೆ ಬಂದಾಗಲೇ ಒದ್ದೆ ರಸ್ತೆಯ ಹಿಡಿತ ಸಾಕಷ್ಟು ಕುಸಿದಿರುತ್ತದೆ. ಮೇ ತಿಂಗಳಲ್ಲಿ 3 ಇದ್ದರೆ ಜೂನ್‌ಗೆ ಮುಂಚೆ ಬದಲಾಯಿಸಿ ಎಂದೇ ನಾನು ಹೇಳುವುದು.

ಅಳೆಯಲು ಗೇಜ್ ಇಲ್ಲದಿದ್ದರೆ ಹಿಡಿಸೂಡಿಯ ಕಡ್ಡಿ ಸಾಕು. ತುದಿ ನೇರವಾಗಿ ಮುರಿದು ಗೆರೆಯ ತಳಕ್ಕೆ ಊರಿ, ಟಯರಿನ ಮೇಲ್ಮಟ್ಟಕ್ಕೆ ಉಗುರಿಟ್ಟು ತೆಗೆದು ಸ್ಕೇಲಿನಲ್ಲಿ ಅಳೆಯಿರಿ. ದಿಬ್ಬದ ಮೇಲೆ ಊರಬೇಡಿ. ಒಂದೇ ಕಡೆ ಅಳೆದರೆ ಪ್ರಯೋಜನ ಇಲ್ಲ. ಹೊರ ಅಂಚು, ನಡು, ಒಳ ಅಂಚು ಮೂರೂ ಬೇಕು. "ನೋಡಲು ಚೆನ್ನಾಗಿದೆ" ಎನ್ನುವ ಟಯರುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ನಿಂತು ನೋಡಿದರೆ ಹೊರ ಅಂಚು ಮಾತ್ರ ಕಾಣುತ್ತದೆ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಬಗ್ಗಿ ನೋಡಿದರೆ ಒಳ ಅಂಚು ಬೋಳಾಗಿರುವುದು ಗೊತ್ತಾಗುತ್ತದೆ.

ಆ ಮೂರು ಅಳತೆ ಕಾರಣವನ್ನೂ ಹೇಳುತ್ತದೆ. ನಡುವೆ 4 ಉಳಿದು ಎರಡೂ ಅಂಚಿನಲ್ಲಿ 2 ಇದ್ದರೆ ಬಹಳ ಕಾಲ ಗಾಳಿ ಕಡಿಮೆ ಇಟ್ಟು ಓಡಿಸಿದ್ದು. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್ ತಪ್ಪಿದೆ. ಹಾಗಿದ್ದಾಗ ಹೊಸ ಟಯರ್ ಹಾಕಿ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಅದೂ ಅದೇ ರೀತಿ ಸವೆಯುತ್ತದೆ. ಎರಡೇ ಹೊಸ ಟಯರ್ ಕೊಳ್ಳುವುದಾದರೆ ಅವನ್ನು ಹಿಂದೆ ಹಾಕಿಸಿ. ಮುಂದೆ ಜಾರಿದರೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿ ಹಿಡಿತ ವಾಪಸ್ ತರಬಹುದು. ಹಿಂಬದಿ ಜಾರಿದರೆ ಕಾರು ಸುತ್ತಿಬಿಡುತ್ತದೆ, ಸರಿಪಡಿಸಲು ಸಮಯವೇ ಸಿಗುವುದಿಲ್ಲ.

ಸ್ಕೂಟರಿನ ಕತೆ ಬೇರೆ. ಅದರ ಟಯರ್ ದುಂಡಗೆ, ಕಿರಿದಾಗಿ ಇರುವುದರಿಂದ ನೀರನ್ನು ಸೀಳಿಕೊಂಡು ಹೋಗುತ್ತದೆ. ಊರಿನ ವೇಗದಲ್ಲಿ ಅದು ತೇಲುವುದು ಅಪರೂಪ. ಅಪಾಯ ಇರುವುದು ವಾಲಿದಾಗ ಮತ್ತು ಬ್ರೇಕ್ ಹಿಡಿದಾಗ. ಮುಂದಿನ ಚಕ್ರದಲ್ಲಿ ಗಾಳಿ ಇಳಿದಿದ್ದರೆ ಹ್ಯಾಂಡಲ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ತೇಲಾಡಿದ ಹಾಗೆ ಅನಿಸುತ್ತದೆ. ಫ್ಲೈಓವರಿನ ಕಬ್ಬಿಣದ ಜಾಯಿಂಟ್, ಬಿಳಿ ಪಟ್ಟಿ, ಗುಡ್ಡದಿಂದ ಹರಿದು ಬಂದ ಕೆಂಪು ಮಣ್ಣು, ಇವುಗಳ ಮೇಲೆ ಆ ತೇಲಾಟವೇ ಬೀಳಿಸುತ್ತದೆ. ಸ್ಕೂಟರಿನಲ್ಲಿ ಮುಂದಿನ ಮತ್ತು ಹಿಂದಿನ ಒತ್ತಡ ಒಂದೇ ಅಲ್ಲ. ಅನೇಕ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಸಂಖ್ಯೆ ಕೊಟ್ಟಿರುತ್ತಾರೆ. ಹಿಂದೆ ದಿನಾ ಯಾರಾದರೂ ಕೂರುವುದಾದರೆ ಎರಡನೇ ಸಂಖ್ಯೆಯನ್ನೇ ಇಡಿ. ದ್ವಿಚಕ್ರ ವಾಹನಕ್ಕೆ ಗೆರೆಯ ಕನಿಷ್ಠ ಮಿತಿ 0.8 ಮಿ.ಮೀ. ಮಾತ್ರ. ಅಷ್ಟು ಉಳಿದ ಟಯರನ್ನು ಮಳೆಗೆ ಇಳಿಸುವುದು ಧೈರ್ಯ ಅಲ್ಲ, ಅಪಾಯ. ಹಿಂದಿನ ಟಯರ್ ನಡುವೆ ಚಪ್ಪಟೆಯಾಗಿದ್ದರೆ ಅಂಚಿನಲ್ಲಿ ಗೆರೆ ಎಷ್ಟೇ ಇರಲಿ, ಬದಲಾಯಿಸಿ.

ಕಾರು ಓಡಿಸುವಾಗ ನೀರಿನಲ್ಲಿ ಸ್ಟೇರಿಂಗ್ ಒಮ್ಮೆಲೇ ಹಗುರವಾದರೆ ಅದೇ ತೇಲುವ ಸೂಚನೆ. ಆಗ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎಳೆಯಬೇಡಿ. ಆಕ್ಸಿಲರೇಟರಿನಿಂದ ಕಾಲು ಮೆಲ್ಲನೆ ತೆಗೆದು ನೇರ ಹಿಡಿದುಕೊಳ್ಳಿ. ಒಂದೆರಡು ಕ್ಷಣದಲ್ಲಿ ಟಯರ್ ರಸ್ತೆಗೆ ತಾಗುತ್ತದೆ. ಹಾಗೆ ಒಮ್ಮೆ ಆಗಿದ್ದರೆ ಮಾರನೇ ಬೆಳಿಗ್ಗೆಯೇ ನಾಲ್ಕೂ ಟಯರಿನ ಗಾಳಿ, ಮೂರೂ ಕಡೆಯ ಆಳ ಅಳೆದು ಬರೆದಿಟ್ಟುಕೊಳ್ಳಿ. ಅಳತೆಗಳನ್ನು ಇಲ್ಲಿ ಹಾಕಿದರೆ ಯಾವ ಟಯರ್ ಬದಲಾಯಿಸಬೇಕು, ಯಾವುದು ಈ ಮಳೆಗಾಲ ದಾಟುತ್ತದೆ ಎಂದು ಹೇಳುತ್ತೇನೆ.